ಬೋಗುಣಿಯಲ್ಲೋ, ತಾಟಿನಲ್ಲೋ?

2024ರ ಏಪ್ರಿಲ್ ನೆನಪಿದೆಯಲ್ಲ? ಬೇಸಗೆಯ ಕಾವಿನ ಮೇಲೆ ಚುನಾವಣೆಯ ಕಾವು. ಅದರ ನಡುವೆ ಸ್ಯಾಮ್ ಪಿತ್ರೋಡಾ ಅವರು, ಅಮೆರಿಕದಲ್ಲಿ ದೊಡ್ಡ ಶ್ರೀಮಂತ ಸತ್ತರೆ ಮಕ್ಕಳಿಗೆ 45, ಸರ್ಕಾರಕ್ಕೆ 55 ಎಂಬರ್ಥದ ಮಾತಾಡಿಬಿಟ್ಟರು. ನಮ್ಮ ಕಡೆ ಮತದಾನ ಮೇ 7ಕ್ಕೆ ಇತ್ತು. ಅಲ್ಲಿಯವರೆಗೆ ಬೆಳಗಾವಿಯ ಚಹಾದಂಗಡಿಗಳಲ್ಲಿ ಬೇರೆ ಮಾತೇ ಇಲ್ಲ. ಹೊಲ ಇದ್ದವರಿಗೂ ಚಿಂತೆ, ಹೊಲ ಇಲ್ಲದವರಿಗೆ ಇನ್ನೂ ಹೆಚ್ಚು ಚಿಂತೆ.

ನಮ್ಮ ಕಾಂಪೌಂಡಿನ ಆಚೆಯ ಕಾಕಾ ಅವರಂತೂ ನಿದ್ದೆಗೆಟ್ಟರು. ಟಿಳಕವಾಡಿಯಲ್ಲಿ ಮನೆ, ಖಾನಾಪುರ ತಾಲೂಕಿನ ನಂದಗಡದ ಕಡೆ ಹಿರಿಯರ ಹೊಲ, ಗದ್ದೆ, ನಾಲ್ಕು ಗೇರುಗಿಡ. "ಅಲ್ರೀ, ನಾನು ಸತ್ತ ಮ್ಯಾಲೆ ಹುಡುಗರು ಹೊಲಾ ಮಾರಿ ಟ್ಯಾಕ್ಸ್ ಕಟ್ಟಬೇಕೇನ್ರೀ?" ಅಂತ. ನಾನು ಅಂದೆ, ಕಾಕಾ, ಅಮೆರಿಕದ ಕೇಂದ್ರ ಸರ್ಕಾರ ಈ ತೆರಿಗೆಗೆ ಕೈಹಾಕುವುದು ಆಸ್ತಿ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಮೇಲೆ ಹೋದಾಗ. (2026ಕ್ಕೆ ಆ ಮಿತಿ ಒಂದೂವರೆ ಕೋಟಿ ಡಾಲರ್ ಆಗಿದೆ, ಅಂದರೆ ನೂರಿಪ್ಪತ್ತು ಕೋಟಿ ರೂಪಾಯಿಗೂ ಮೇಲೆ.) ಅದರ ಮೇಲಿನ ಹಣಕ್ಕೆ ಗರಿಷ್ಠ ಶೇಕಡಾ 40. ಕೆಲವು ರಾಜ್ಯಗಳು ಮೇಲೆ ತಮ್ಮದೂ ಒಂದಿಷ್ಟು ಹಚ್ಚುತ್ತವೆ, ಅದು ಬೇರೆ ಮಾತು. ನಿಮ್ಮ ಗೇರುಗಿಡ ನಾಲ್ಕಲ್ಲ, ನಾಲ್ಕು ಸಾವಿರ ಇದ್ದರೂ ಆ ಗೆರೆ ಮುಟ್ಟೋದು ಕಷ್ಟ, ಅಲ್ವಾ?

ಆದರೆ ಕಾಕಾ ಬಿಡುವ ಪೈಕಿ ಅಲ್ಲ. ಪೇಪರಿನಲ್ಲಿ ಒಂದು ಕಡೆ ಎಸ್ಟೇಟ್ ತೆರಿಗೆ ಅಂತಾರೆ, ಇನ್ನೊಂದು ಕಡೆ ವಾರಸಾ ತೆರಿಗೆ ಅಂತಾರೆ, ಎರಡೂ ಒಂದೇನಾ ಅಂದರು. ಒಂದಲ್ಲ. ಅಡುಗೆಮನೆಯಿಂದಲೇ ಹೇಳಬೇಕೆಂದರೆ, ಬೋಗುಣಿಯಲ್ಲಿ ಹುಗ್ಗಿ ಇದೆ ಅಂದುಕೊಳ್ಳಿ. ಬಡಿಸುವ ಮೊದಲೇ ಸರ್ಕಾರ ಬೋಗುಣಿಗೆ ಸೌಟು ಹಾಕಿದರೆ ಅದು ಎಸ್ಟೇಟ್ ತೆರಿಗೆ. ಎಲ್ಲರ ತಾಟಿಗೂ ಬಡಿಸಿಯಾದ ಮೇಲೆ ಒಬ್ಬೊಬ್ಬರ ತಾಟಿನ ಮುಂದೆ ನಿಂತು, ನೀನು ಸತ್ತವನಿಗೆ ಏನಾಗಬೇಕು ಅಂತ ಕೇಳಿ ತಕ್ಕಷ್ಟು ತೆಗೆದುಕೊಂಡರೆ ಅದು ವಾರಸಾ ತೆರಿಗೆ. ಮೊದಲನೆಯದಕ್ಕೆ ಸತ್ತವನು ಎಷ್ಟು ಬಿಟ್ಟ ಅನ್ನೋದು ಮುಖ್ಯ. ಎರಡನೆಯದಕ್ಕೆ ಯಾರಿಗೆ ಬಿಟ್ಟ ಅನ್ನೋದು ಮುಖ್ಯ.

ಲೆಕ್ಕ ಹಾಕಿಯೇ ತೋರಿಸಿದೆ. ಒಬ್ಬ ಮನುಷ್ಯ 90 ಲಕ್ಷ ಬಿಟ್ಟು ಹೋದ. ಹೆಂಡತಿಗೆ 30, ಮಗಳಿಗೆ 30, ತಂಗಿಯ ಮಗನಿಗೆ 30 ಅಂತ ಮೃತ್ಯುಪತ್ರ. ಒಂದು ಕಾಲ್ಪನಿಕ ಎಸ್ಟೇಟ್ ತೆರಿಗೆ ಹಿಡಿಯೋಣ: ಮೊದಲ 30 ಲಕ್ಷ ಮಾಫಿ, ಉಳಿದದ್ದಕ್ಕೆ ಶೇಕಡಾ 10. 60 ಲಕ್ಷಕ್ಕೆ 6 ಲಕ್ಷ ಆಯಿತು. ಅದನ್ನು ಮೊದಲೇ ತೆಗೆದಿಟ್ಟು ಉಳಿದ 84ನ್ನು ಹಂಚಿದರೆ ಮೂವರಿಗೂ 28, 28, 28. ಹೆಂಡತಿಯೂ ಅಷ್ಟೇ, ತಂಗಿಯ ಮಗನೂ ಅಷ್ಟೇ. ಈಗ ಇದೇ ಸಂಸಾರವನ್ನು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಾರಸಾ ತೆರಿಗೆಯ ದರಕ್ಕೆ ಕೂಡಿಸಿ. ಅಲ್ಲಿ ಗಂಡ-ಹೆಂಡತಿಗೆ ಸೊನ್ನೆ, ಮಕ್ಕಳು ಮೊಮ್ಮಕ್ಕಳಿಗೆ ಶೇಕಡಾ 4.5, ಒಡಹುಟ್ಟಿದವರಿಗೆ 12, ಉಳಿದವರಿಗೆಲ್ಲ 15. ಹೆಂಡತಿಗೆ ಪೂರ್ತಿ 30 ಉಳಿಯಿತು. ಮಗಳು 1 ಲಕ್ಷ 35 ಸಾವಿರ ಕಟ್ಟಿದಳು. ತಂಗಿಯ ಮಗ "ಉಳಿದವರ" ಸಾಲಿಗೆ ಬಿದ್ದು ನಾಲ್ಕೂವರೆ ಲಕ್ಷ ಕಟ್ಟಿದ. ಸರ್ಕಾರಕ್ಕೆ ಬಂದದ್ದು 5 ಲಕ್ಷ 85 ಸಾವಿರ, ಹೆಚ್ಚುಕಡಿಮೆ ಅಷ್ಟೇ. ಆದರೆ ಮನೆಯೊಳಗಿನ ಮುಖಗಳು ಬೇರೆ ಬೇರೆ.

"ನಮ್ಮ ಕಡೆ ಸೋದರಳಿಯ ಅಂದ್ರ ಮಗಾ ಇದ್ದಂಗ್ರೀ, ಅವಗ ಹದಿನೈದು ಯಾಕ?" ಅಂತ ಕಾಕಾ ಸಿಟ್ಟಾದರು. ಪೆನ್ಸಿಲ್ವೇನಿಯಾಕ್ಕೆ ನಮ್ಮ ಬೀಗತನ ಗೊತ್ತಿಲ್ಲವಲ್ಲ, ಏನು ಮಾಡೋದು.

ಇದರೊಳಗೂ ತಮಾಷೆಗಳಿವೆ. ಬ್ರಿಟನ್ನಿನವರು 1986ರಿಂದ ತಮ್ಮದನ್ನು ವಾರಸಾ ತೆರಿಗೆ ಅಂತಲೇ ಕರೆಯುತ್ತಾರೆ, ಆದರೆ ಸೌಟು ಹಾಕುವುದು ಬೋಗುಣಿಗೇ. ಮೂರು ಲಕ್ಷ ಇಪ್ಪತ್ತೈದು ಸಾವಿರ ಪೌಂಡು ದಾಟಿದ ಆಸ್ತಿಗೆ ಶೇಕಡಾ 40, ಅದೂ ಹಂಚುವ ಮೊದಲು. ಮೇರಿಲ್ಯಾಂಡ್ ಅನ್ನುವ ಪುಟ್ಟ ರಾಜ್ಯಕ್ಕೆ ಒಂದು ಸಾಲದೆ ಎರಡೂ ಇವೆ, ಬೋಗುಣಿಗೂ ಸೌಟು, ತಾಟಿಗೂ ಸೌಟು. ಇನ್ನು ಜಪಾನಿನವರದ್ದು ಕೇಳಿ. ಅಲ್ಲಿ ಮಾಫಿಯ ಮಿತಿ ಮೂರು ಕೋಟಿ ಯೆನ್, ಅದರ ಮೇಲೆ ಒಬ್ಬೊಬ್ಬ ವಾರಸುದಾರನಿಗೆ ಅರವತ್ತು ಲಕ್ಷ ಯೆನ್ ಹೆಚ್ಚುವರಿ. ತಲೆ ಹೆಚ್ಚಿದಷ್ಟೂ ಮಾಫಿ ಹೆಚ್ಚು ಅಂದಮೇಲೆ ಜಾಣರು ಸುಮ್ಮನಿರುತ್ತಾರೆಯೇ? ಮೊಮ್ಮಕ್ಕಳನ್ನು, ಅಳಿಯಂದಿರನ್ನು ದತ್ತು ತೆಗೆದುಕೊಳ್ಳಲು ಹತ್ತಿದರು. ಕಡೆಗೆ ಸರ್ಕಾರ ಕಾಯ್ದೆ ಮಾಡಬೇಕಾಯಿತು: ಸ್ವಂತ ಮಕ್ಕಳಿದ್ದರೆ ಒಬ್ಬ ದತ್ತಕನನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ, ಇಲ್ಲದಿದ್ದರೆ ಇಬ್ಬರನ್ನು. ದತ್ತು ಎಷ್ಟು ಬೇಕಾದರೂ ತಗೊಳ್ಳಿ, ಮಾಫಿ ಮಾತ್ರ ಅಷ್ಟಕ್ಕೇ.

ದತ್ತಕ ಅಂದಕೂಡಲೇ ನಮ್ಮ ಕಡೆಯವರ ತಲೆಗೆ ಬರೋದು ಕಿತ್ತೂರು. ಖಾನಾಪುರಕ್ಕೆ ನೆರೆಯೇ ಅಲ್ಲವೇ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡ, ಗಂಡುಮಕ್ಕಳಿಲ್ಲ, ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಕಾವಲು ಹಾಕಿದ. ಮುಂದಿನ ಕಥೆ ನಿಮಗೆ ಗೊತ್ತೇ ಇದೆ: ಅಕ್ಟೋಬರ್ 23, ಕೋಟೆಯ ಬಾಗಿಲು, ಥ್ಯಾಕರೆ ಉಳಿಯಲಿಲ್ಲ. ತೆರಿಗೆಯ ಕಣ್ಣಿನಿಂದ ನೋಡಿದರೆ ಕಂಪನಿ ಸರ್ಕಾರ ಕೇಳಿದ್ದು ನೂರಕ್ಕೆ ನೂರು. ಚೆನ್ನಮ್ಮ ಕತ್ತಿ ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ, ಅಲ್ವಾ? ರಾಜಮನೆತನಗಳಷ್ಟೇ ಅಲ್ಲ, ಇನಾಮುದಾರರಿಗೂ ಈ ಕಾಟ ಇತ್ತು. ಒಬ್ಬ ಸತ್ತು ಇನ್ನೊಬ್ಬನ ಹೆಸರಿಗೆ ಇನಾಮು ಬರಬೇಕಾದರೆ ದೊರೆಗೆ ನಜರಾಣೆ. 1863ರಲ್ಲಿ ಮುಂಬಯಿ ಸರ್ಕಾರ ಕಾಯ್ದೆ ತಂದು, ಸತ್ತಾಗೊಮ್ಮೆ ಕೊಡುವುದನ್ನು ವರ್ಷಾವರಿ ಕಂತಾಗಿ ಮಾಡಿಕೊಟ್ಟಿತು. ಸಾವಿನ ಲೆಕ್ಕವನ್ನು ಬದುಕಿದ್ದಾಗಲೇ ಕಂತಿನಲ್ಲಿ ಕಟ್ಟುವುದು! ಈಗಿನ ವಿಮಾ ಏಜೆಂಟರೂ ಅಷ್ಟು ಚಂದ ಹೇಳಲಾರರು.

ಇರಲಿ, ಎಲ್ಲಿದ್ದೆವು? ಹಾಂ, ನಮ್ಮ ದೇಶ. ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂತ ಹುಡುಗರು ಅಂದುಕೊಂಡಿದ್ದಾರೆ. ಇತ್ತು, ಮೂವತ್ತೊಂದು ವರ್ಷ ಇತ್ತು. ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಕೇಂದ್ರದ ಪಟ್ಟಿಯಲ್ಲಿ 87ನೇ ನಮೂದು ಎಸ್ಟೇಟ್ ಸುಂಕ, 88ನೆಯದು ವಾರಸಾ ಸುಂಕ. ಎರಡೂ ಕೃಷಿಭೂಮಿ ಬಿಟ್ಟು. ಕೃಷಿಭೂಮಿಯವು ರಾಜ್ಯದ ಪಟ್ಟಿಯಲ್ಲಿ, 47 ಮತ್ತು 48. ಬೋಗುಣಿ ಬೇರೆ, ತಾಟು ಬೇರೆ ಅಂತ ಸಂವಿಧಾನ ಬರೆದವರು ಅಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟಿದ್ದಾರೆ. ನಾಲ್ಕೂ ನಮೂದುಗಳು ಇವತ್ತಿಗೂ ಅಲ್ಲೇ ಕೂತಿವೆ. ಆದರೆ ಕೇಂದ್ರ ಬಳಸಿದ್ದು ಬೋಗುಣಿಯದನ್ನು ಮಾತ್ರ.

1953ರ ಅಕ್ಟೋಬರ್ 15ರಿಂದ ಎಸ್ಟೇಟ್ ಸುಂಕ ಕಾಯ್ದೆ ಜಾರಿಗೆ ಬಂತು. ಬೆಳಗಾವಿ ಆಗಿನ್ನೂ ಮುಂಬಯಿ ರಾಜ್ಯದಲ್ಲಿ. ಮೊದಮೊದಲು ಒಂದು ಲಕ್ಷದವರೆಗೆ ಮಾಫಿ, ಮಿತಾಕ್ಷರ ಕೂಡುಕುಟುಂಬದ ಪಾಲಾದರೆ ಐವತ್ತು ಸಾವಿರದವರೆಗೆ ಮಾತ್ರ. ಈ ಕೂಡುಕುಟುಂಬದ ಲೆಕ್ಕವೇ ಸ್ವಾರಸ್ಯ. ಅಣ್ಣತಮ್ಮಂದಿರು ಒಂದೇ ಒಲೆಯ ಅಡುಗೆ ಉಣ್ಣುತ್ತಿರುತ್ತಾರೆ, ಹೊಲ ಪಾಲಾಗಿರುವುದಿಲ್ಲ, ಹಿರಿಯ ತೀರಿಕೊಳ್ಳುತ್ತಾನೆ. ಆಗ ಅಧಿಕಾರಿ ಕೇಳುತ್ತಿದ್ದದ್ದು ಇದು: ಅವನು ಸಾಯುವ ಮುನ್ನಾ ಕ್ಷಣ ಮನೆ ಪಾಲಾಗಿದ್ದರೆ ಅವನಿಗೆಷ್ಟು ಬರುತ್ತಿತ್ತು? ನಿಜಕ್ಕೂ ಪಾಲು ಕೇಳಿದರೆ ಮನೆಯಲ್ಲಿ ರಾಮಾಯಣ, ಕಾಗದದ ಮೇಲೆ ಮಾತ್ರ ಸರ್ಕಾರವೇ ಒಂದು ಕ್ಷಣದ ವಾಟಣಿ ಮಾಡಿ ಮತ್ತೆ ಕೂಡಿಸಿಬಿಡುತ್ತಿತ್ತು.

ಸತ್ತ ಆರು ತಿಂಗಳೊಳಗೆ ಆಸ್ತಿಯ ಪೂರ್ತಿ ಯಾದಿ ಕೊಡಬೇಕು. ಸಾಯುವ ಹಿಂದಿನ ಎರಡು ವರ್ಷದಲ್ಲಿ ಕೊಟ್ಟ ದಾನಪತ್ರಗಳೂ ಯಾದಿಯೊಳಗೆ ವಾಪಸು ಬರುತ್ತಿದ್ದವು. ಜೀವ ಹೋಗುವ ಹೊತ್ತಿಗೆ ಮಗನ ಹೆಸರಿಗೆ ಮಾಡಿಬಿಡೋಣ ಅನ್ನುವವರಿಗೆ ಅದು ಬೇಲಿ. ಮನೆ ಮಗನಿಗೆ ಕೊಟ್ಟೆ ಅಂತ ಬರೆದುಕೊಟ್ಟು ಅಪ್ಪ ಮಾತ್ರ ಅದೇ ಪಡಸಾಲೆಯಲ್ಲಿ ಯಜಮಾನನಾಗಿಯೇ ಕೂತಿದ್ದರೆ ಅದೂ ಕೊಟ್ಟ ಲೆಕ್ಕವಲ್ಲ. ಹಾಗಂತ ಕಾಯ್ದೆಗೆ ಕರುಣೆಯೇ ಇರಲಿಲ್ಲ ಅಂತಲ್ಲ. ಅಪ್ಪ ಸತ್ತು ಸುಂಕ ಕಟ್ಟಿ ವರ್ಷದೊಳಗೆ ಮಗನೂ ಸತ್ತರೆ, ಅದೇ ಆಸ್ತಿಯ ಮೇಲಿನ ಎರಡನೇ ಸುಂಕದಲ್ಲಿ ಅರ್ಧ ಬಿಡುತ್ತಿದ್ದರು. ಎರಡನೇ ವರ್ಷಕ್ಕೆ ಆ ಸೂಟು ಸ್ವಲ್ಪ ಕಡಿಮೆ, ಮೂರಕ್ಕೆ ಇನ್ನೂ ಕಡಿಮೆ, ಐದು ವರ್ಷ ದಾಟಿದ ಮೇಲೆ ಪೂರಾ ಇಲ್ಲ. ಮನೆಯಲ್ಲಿ ಎಷ್ಟು ಅಂತರದಲ್ಲಿ ಸಾಯಬೇಕು ಅನ್ನೋದಕ್ಕೂ ಕೋಷ್ಟಕ!

ದರ ಏರುತ್ತಾ ಏರುತ್ತಾ ಇಪ್ಪತ್ತು ಲಕ್ಷದ ಮೇಲಿನದ್ದಕ್ಕೆ ಶೇಕಡಾ 85ಕ್ಕೆ ಹೋಯಿತು. ಅಷ್ಟು ಬಿಗಿಯಾದ ಮೇಲೆ ಖಜಾನೆ ತುಂಬಿ ತುಳುಕಿರಬೇಕು ಅಂದುಕೊಂಡಿರಾ? 1985ರ ಮಾರ್ಚ್ 16ರಂದು ಹಣಕಾಸು ಮಂತ್ರಿ ವಿ. ಪಿ. ಸಿಂಗ್ ಬಜೆಟ್ ಭಾಷಣದಲ್ಲಿ ಹೇಳಿದರು, ವರ್ಷಕ್ಕೆ ಬರುತ್ತಿರುವುದು ಸುಮಾರು ಇಪ್ಪತ್ತು ಕೋಟಿ ಮಾತ್ರ, ವಸೂಲಿಯ ಖರ್ಚು ನೋಡಿದರೆ ಅದೇನೂ ಹೆಚ್ಚಲ್ಲ ಅಂತ. ಇಡೀ ದೇಶದಿಂದ! ಮೇಲೆ ಅದೇ ಆಸ್ತಿಗೆ ಬದುಕಿರುವತನಕ ಸಂಪತ್ತಿನ ತೆರಿಗೆ, ಸತ್ತ ಮೇಲೆ ಈ ಸುಂಕ, ಎರಡಕ್ಕೂ ಬೇರೆ ಬೇರೆ ಕಾಯ್ದೆ, ಬೇರೆ ಬೇರೆ ಕ್ರಮ. ಒಂದೇ ಮನೆಗೆ ಎರಡು ಕಚೇರಿ ಎರಡು ಬೆಲೆ ಕಟ್ಟಿದರೆ ವಕೀಲರಿಗೆ ಹಬ್ಬ. ಅವತ್ತಿನಿಂದಲೇ, ಅಂದರೆ ಬಜೆಟ್ಟಿನ ದಿನದಿಂದಲೇ ಆದ ಸಾವುಗಳಿಗೆ ಸುಂಕ ರದ್ದು. ಹಿಂದಿನ ದಿನ ಹೋದವರ ಮನೆಯವರು ಏನಂದುಕೊಂಡರೋ, ಪಾಪ.

ಆಸ್ಟ್ರೇಲಿಯಾದವರಿಗಾದರೆ ಮೊದಲೇ ತಾರೀಖು ಗೊತ್ತಿತ್ತು. ಅಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯ ಮೊದಲು ತೆಗೆದುಹಾಕಿತು. ಮುದುಕರೆಲ್ಲ ಗಂಟುಮೂಟೆ ಕಟ್ಟಿ ಅಲ್ಲಿಗೆ ಹೋದಾರು ಅಂತ ಹೆದರಿ ಉಳಿದ ರಾಜ್ಯಗಳೂ ಒಂದೊಂದಾಗಿ ತೆಗೆದವು. ಕೇಂದ್ರದ್ದು 1979ರ ಜುಲೈ 1ಕ್ಕೆ ಮುಗಿಯಿತು. ಜೋಶುವಾ ಗ್ಯಾನ್ಸ್, ಆಂಡ್ರ್ಯೂ ಲೀ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ಆ ದಿನಗಳ ಸಾವಿನ ದಾಖಲೆ ಹಿಡಿದು ಕೂತರು. ಜೂನಿನ ಕೊನೆಯ ವಾರದಲ್ಲಿ ಆಗಬೇಕಿದ್ದ ಸುಮಾರು ಐವತ್ತು ಸಾವುಗಳು ಜುಲೈ ಮೊದಲ ವಾರಕ್ಕೆ ಸರಿದಿದ್ದವಂತೆ. ಆ ವಾರ ತೆರಿಗೆ ಬೀಳಬೇಕಿದ್ದವರಲ್ಲಿ ಅರ್ಧಕ್ಕೂ ಹೆಚ್ಚು! ಗಟ್ಟಿ ಜೀವ ಹಿಡಿದರೋ, ಮನೆಯವರು ತಾರೀಖು ತಿದ್ದಿದರೋ, ದಾಖಲೆಯಿಂದ ತಿಳಿಯುವುದಿಲ್ಲ. ಕಾಕಾ ಮಾತ್ರ ತೀರ್ಪು ಕೊಟ್ಟೇಬಿಟ್ಟರು: "ಸೊಸಿ ಶಾಣೇಕಿ ಇದ್ದಿರಬೇಕ್ರೀ."

ಸ್ವೀಡನ್ನಿನದು ಮಾತ್ರ ನಗುವ ಕಥೆಯಲ್ಲ. 2005ರ ಜನವರಿ 1ರಿಂದ ವಾರಸಾ ತೆರಿಗೆ ಬೇಡ ಅಂತ ಅಲ್ಲಿ ತೀರ್ಮಾನವಾಗಿತ್ತು. ಅದಕ್ಕೆ ಆರು ದಿನ ಇರುವಾಗ, ಡಿಸೆಂಬರ್ 26ಕ್ಕೆ ಸುನಾಮಿ. ಥಾಯ್ಲೆಂಡಿನ ಕಡಲತೀರಕ್ಕೆ ರಜೆಗೆ ಹೋಗಿದ್ದ ಐನೂರಕ್ಕೂ ಹೆಚ್ಚು ಸ್ವೀಡನ್ನರು ಹೋದರು. ಅವರ ಮನೆಯವರಿಂದ ತೆರಿಗೆ ಕೇಳುವುದು ಹೇಗೆ? ಸರ್ಕಾರ ರದ್ದತಿಯ ತಾರೀಖನ್ನೇ ಹಿಂದಕ್ಕೆ, ಡಿಸೆಂಬರ್ 17ಕ್ಕೆ ಸರಿಸಿತು.

ಇಷ್ಟು ದೇಶಗಳು ಯಾಕೆ ಕೈಬಿಟ್ಟವು ಅಂದರೆ, ನನಗೆ ತೋರುವ ಮಟ್ಟಿಗೆ ಮುಖ್ಯ ಕಾರಣ ಧರ್ಮಕಾರಣವಲ್ಲ, ಲೆಕ್ಕದ ಕಾರಣ. ಈ ತೆರಿಗೆ ಇಟ್ಟುಕೊಂಡ ಶ್ರೀಮಂತ ದೇಶಗಳಲ್ಲೂ ಒಟ್ಟು ತೆರಿಗೆಯಲ್ಲಿ ಇದರ ಪಾಲು ಸರಾಸರಿ ನೂರಕ್ಕೆ ಅರ್ಧ ರೂಪಾಯಿ. ತೀರಾ ದೊಡ್ಡವರು ಟ್ರಸ್ಟು, ಪರದೇಶ ಅಂತ ಮೊದಲೇ ದಾರಿ ಮಾಡಿಕೊಂಡಿರುತ್ತಾರೆ. ಸಿಕ್ಕಿಬೀಳುವುದು ನಡುವಿನವರು. ಅವರ ಆಸ್ತಿ ಮನೆಯಲ್ಲೋ ಹೊಲದಲ್ಲೋ ಅಂಗಡಿಯಲ್ಲೋ ಇರುತ್ತದೆ, ಕೈಯಲ್ಲಿ ರೊಕ್ಕ ಇರುವುದಿಲ್ಲ. ಖಾನಾಪುರದ ಗದ್ದೆಯನ್ನೇ ನೋಡಿ. ರಸ್ತೆ ಅಗಲವಾಯಿತು ಅಂತ ಅದರ ಬೆಲೆ ಏರಬಹುದು, ಅದರೊಳಗಿನ ಭತ್ತವೇನೂ ಏರುವುದಿಲ್ಲ. ತೆರಿಗೆ ಮಾತ್ರ ಏರಿದ ಬೆಲೆಗೆ. ತೆರಿಗೆಗಾಗಿ ಅರ್ಧ ಗದ್ದೆ ಮಾರಿದರೆ ಉಳಿದರ್ಧ ಉಳುಮೆಗೆ ಗಿಟ್ಟುವುದಿಲ್ಲ. ಇದಕ್ಕೆ ವಿನಾಯಿತಿ ಕೊಟ್ಟರೆ ಊರಿನ ಶ್ರೀಮಂತರೆಲ್ಲ ರಾತ್ರೋರಾತ್ರಿ ರೈತರಾಗುತ್ತಾರೆ. ಹೀಗೆ ಕೊಟ್ಟರೂ ಕಷ್ಟ, ಬಿಟ್ಟರೂ ಕಷ್ಟ, ಅಲ್ವಾ?

ಇನ್ನು ಕೆಲವರು ತೆಗೆದುಹಾಕಿದ ಹಾಗೆ ಮಾಡಿ ಬೇರೆ ಬಾಗಿಲಿನಿಂದ ಬರುತ್ತಾರೆ. ಕೆನಡಾ 1972ರಲ್ಲಿ ಎಸ್ಟೇಟ್ ತೆರಿಗೆ ಬಿಟ್ಟಿತು, ಆದರೆ ಸತ್ತ ದಿನವೇ ಆಸ್ತಿ ಮಾರಿದೆ ಅಂತ ಭಾವಿಸಿ ಬೆಲೆ ಏರಿಕೆಯ ಲಾಭಕ್ಕೆ ತೆರಿಗೆ ಹಾಕುತ್ತದೆ. ನಮ್ಮಲ್ಲೂ ವಾರಸಾದಿಂದ ಬಂದದ್ದಕ್ಕೆ ಬಂದಾಗ ಏನೂ ಇಲ್ಲ, ಮಾರಿದಾಗ ಇದೆ. ಟಿಳಕವಾಡಿಯಲ್ಲಿ ಅಜ್ಜ 1968ರಲ್ಲಿ ಎಂಟು ಸಾವಿರಕ್ಕೆ ಜಾಗ ಕೊಂಡಿದ್ದ ಅನ್ನಿ. ಮೊಮ್ಮಗ ಇವತ್ತು 80 ಲಕ್ಷಕ್ಕೆ ಮಾರಿದರೆ, ತನಗೆ ಬಿಟ್ಟಿ ಬಂದ ದಿನದ ಬೆಲೆಯನ್ನು ಖರೀದಿ ಬೆಲೆ ಅಂತ ಹಿಡಿಯುವ ಹಾಗಿಲ್ಲ. ಅಜ್ಜನ ಬೆಲೆಯೇ ಇವನ ಬೆಲೆ. ಹಳೆಯದಾದ್ದರಿಂದ 2001ರ ಏಪ್ರಿಲ್ 1ರ ಬೆಲೆ ಹಿಡಿಯಲು ಅವಕಾಶವಿದೆ, ಅದು 3 ಲಕ್ಷ ಅಂದುಕೊಂಡರೆ ಲಾಭ 77 ಲಕ್ಷ, ಶೇಕಡಾ 12.5ರಂತೆ ಒಂಬತ್ತು ಲಕ್ಷದ ಅರವತ್ತೆರಡೂವರೆ ಸಾವಿರ. ಅಮೆರಿಕದಲ್ಲಿ ಇದು ಉಲ್ಟಾ: ಸತ್ತ ದಿನದ ಬೆಲೆಯೇ ವಾರಸುದಾರನ ಖರೀದಿ ಬೆಲೆಯಾಗುತ್ತದೆ, ಅಜ್ಜನ ಕಾಲದ ಲಾಭವೆಲ್ಲ ಅಜ್ಜನ ಜೊತೆಗೇ ಹೋಯಿತು. ಹಾಗಾಗಿ ಅವರಿಗೆ ವಾರಸಾ ತೆರಿಗೆ ಇದೆ, ನಮಗಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ ನೋಡಿ.

ಸುಂಕ ಹೋದದ್ದರಿಂದ ಒಂದು ಅಭ್ಯಾಸವೂ ಹೋಯಿತು ಅಂತ ನನ್ನ ಅನಿಸಿಕೆ. ಆಗ ದೊಡ್ಡ ಮನೆಗಳಲ್ಲಾದರೂ ಆರು ತಿಂಗಳೊಳಗೆ ಕೂತು ಯಾದಿ ಮಾಡಲೇಬೇಕಿತ್ತು. ಈಗ ಕೇಳುವವರು ಯಾರು? ಖಾನಾಪುರದ ಹಳ್ಳಿಗಳಲ್ಲಿ ಉತಾರ ತೆಗೆಸಿ ನೋಡಿ, ಎಷ್ಟೋ ಹೊಲಗಳು ಇನ್ನೂ ಸತ್ತ ಅಜ್ಜಂದಿರ ಹೆಸರಿನಲ್ಲೇ ಇವೆ. ವಾರಸಾ ಹಚ್ಚಿಸಲು ತೆರಿಗೆಯೇನಿಲ್ಲ: ಮರಣಪತ್ರ, ವಂಶಾವಳಿ, ನಾಡಕಚೇರಿಗೆ ಅರ್ಜಿ, ತಕರಾರಿನ ಅವಧಿ, ಅಷ್ಟೇ. ಆದರೆ ಅಜ್ಜನ ಹೆಸರಿನಿಂದ ನೇರ ಮೊಮ್ಮಗನ ಹೆಸರಿಗೆ ಹಾರಲು ಹೋದರೆ ನಡುವಿನ ತಲೆಮಾರಿನ ಪ್ರತಿಯೊಬ್ಬರೂ ವಂಶಾವಳಿಯಲ್ಲಿ ಬರಬೇಕು. ಅತ್ತೆಯಂದಿರು ಸಾಂಗಲಿಯಲ್ಲಿ, ಪೊಂಡಾದಲ್ಲಿ, ಅವರು ತೀರಿಕೊಂಡಿದ್ದರೆ ಅವರ ಮಕ್ಕಳು ಪುಣೆಯಲ್ಲಿ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಹೇಳಿತು, ಕೇಂದ್ರ 2005ರಲ್ಲಿ. ಒಬ್ಬಳ ಸಹಿ ಬಿಟ್ಟರೂ ಬ್ಯಾಂಕಿನವರು ಬೆಳೆಸಾಲದ ಕಾಗದ ವಾಪಸು ಕೊಡುತ್ತಾರೆ. ಆಗ ಹಕ್ಕುಸೋಡ ಪತ್ರ ಹಿಡಿದುಕೊಂಡು, ಕುಂದಾದ ಡಬ್ಬಿ ಕಟ್ಟಿಸಿಕೊಂಡು, ಹತ್ತು ವರ್ಷ ಮಾತಾಡಿಸದ ಅತ್ತೆಯ ಮನೆ ಬಾಗಿಲಿಗೆ ಹೋಗಬೇಕು. ಅತ್ತೆಗೂ ಬುದ್ಧಿ ಇದೆ. ಕುಂದಾ ಇಟ್ಟುಕೊಳ್ಳುತ್ತಾಳೆ, ಸಹಿ ಆಮೇಲೆ ನೋಡೋಣ ಅನ್ನುತ್ತಾಳೆ. ನ್ಯಾಯವಾಗಿ ನೋಡಿದರೆ ಅವಳ ಪಾಲು ಅವಳಿಗೆ ಕೊಟ್ಟುಬಿಡುವುದೇ ಸುಲಭ, ಆದರೆ ಅದನ್ನು ಯಾರು ಒಪ್ಪುತ್ತಾರೆ!

ಇಷ್ಟೆಲ್ಲ ಹೇಳಿ ಮುಗಿಸಿ, ಕಾಕಾ ನಿಮಗೆ ಯಾವ ದೇಶದ ಭಯವೂ ಬೇಡ ಅಂದೆ. ಆಗ ಅವರು ಮೆಲ್ಲಗೆ ಬಾಯಿಬಿಟ್ಟರು. ಮಗ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಾನಂತೆ, ಪಿಂಚಣಿಯಲ್ಲಿ ಉಳಿದದ್ದನ್ನು ಅಮೆರಿಕದ ಕಂಪನಿಗಳ ಶೇರಿಗೆ ಹಾಕುತ್ತಿದ್ದಾರಂತೆ. ಅಯ್ಯೋ ದೇವರೇ. ಒಂದೂವರೆ ಕೋಟಿ ಡಾಲರಿನ ಮಾಫಿ ಅಲ್ಲಿಯ ನಾಗರಿಕರಿಗೆ ಮತ್ತು ಅಲ್ಲೇ ನೆಲೆನಿಂತವರಿಗೆ. ಹೊರಗಿನವನು ಸತ್ತರೆ, ಅಮೆರಿಕದ ಕಂಪನಿಯ ಶೇರು ಅಮೆರಿಕದಲ್ಲಿರುವ ಆಸ್ತಿ ಅಂತಲೇ ಲೆಕ್ಕ, ಅವನಿಗೆ ಮಾಫಿ ಬರೀ ಅರವತ್ತು ಸಾವಿರ ಡಾಲರ್. ಅದರ ಮೇಲಿನದ್ದಕ್ಕೆ ದರ ಏರುತ್ತಾ 40ರವರೆಗೆ. ಬ್ರಿಟನ್ ಜೊತೆ ನಮಗೆ 1956ರ ಎಸ್ಟೇಟ್ ಸುಂಕದ ಒಪ್ಪಂದವಿದೆ. ನಮ್ಮ ಸುಂಕ ಸತ್ತು ನಾಲ್ಕು ದಶಕವಾದರೂ ಒಪ್ಪಂದ ಬದುಕಿದೆ. ಅಮೆರಿಕದ ಜೊತೆ ಅಂಥದ್ದೂ ಇಲ್ಲ. ಮನೆಯವರಿಗೆ ಇದು ತಿಳಿಯುವುದು ಶೇರು ವರ್ಗಾಯಿಸಲು ಹೋದಾಗ, ಖಾತೆಯನ್ನು ತಡೆಹಿಡಿದು ಅಮೆರಿಕದ ತೆರಿಗೆ ಇಲಾಖೆಯ ಪತ್ರ ತನ್ನಿ ಅಂದಾಗ.

ಕಾಕಾ ಬೆರಳು ಮಡಚಿ ಏನೋ ಗುಣಾಕಾರ ಹಾಕಿದರು. "ಹಂಗಾರ ಐವತ್ತೊಂಬತ್ತು ಸಾವಿರಕ್ಕ ನಿಲ್ಲಸ್ತೀನಿ ಬಿಡ್ರೀ."

ಒಳಗಿನಿಂದ ಕಾಕುನ ದನಿ ಬಂತು: "ಅದನ್ನ ಆಮ್ಯಾಲೆ ನಿಲ್ಲಸ್ರಿ. ನಂದಗಡದ ಉತಾರದಾಗ ಇನ್ನೂ ಮಾವನವರ ಹೆಸರ ಐತಿ, ಅದನ್ನ ಯಾವಾಗ ತಗಸ್ತೀರಿ?"